ಶಾಮಿಯಾನದ ಕೆಳಗಿನ ಸೂರ್ಯ

ಫೋಂಡಾ ಪೇಟೆ ದಾಟಿ ಉಸಗಾಂವದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕನ್ನಡ ಶಾಲೆಯಿದೆ. ಅದರ ಮುಖ್ಯೋಪಾಧ್ಯಾಯ ಬಾಳಕೃಷ್ಣ ಅವರಿಗೆ ಗೊತ್ತಿಲ್ಲದ ವಿಷಯವೆಂಬುದು ಲೋಕದಲ್ಲಿರಲಿಲ್ಲ. ಓದದೆ ಉಳಿದ ವಿಷಯಗಳು ಮಾತ್ರ ಬಹಳ ಇದ್ದವು. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿ, ಗೋವಾಕ್ಕೆ ಬಂದು, ಇಪ್ಪತ್ತು ವರ್ಷ ಕನ್ನಡವನ್ನೇ ಕಲಿಸಿದವರು. ಮೈಕು ಕೈಗೆ ಬಂದರೆ ಹೂಕೋಸಿನ ಬಗ್ಗೆಯೂ ಮುಕ್ಕಾಲು ಗಂಟೆ ಮಾತಾಡಬಲ್ಲವರು. ಕೇಳಿದವರು ಕೊನೆಗೆ ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

ಆ ವರ್ಷ ಒಂದು ಕನ್ನಡ ಸಂಘ ಗೋವಾದ ಕನ್ನಡ ಶಾಲೆಗಳಿಗಾಗಿ ‘ಮಾದರಿ ಪಾಠ’ ಸ್ಪರ್ಧೆ ಇಟ್ಟಿತು. ತೀರ್ಪುಗಾರರು ಆಯಾ ಶಾಲೆಗೇ ಬಂದು ಪಾಠ ನೋಡುತ್ತಾರೆ. ಗೆದ್ದವರಿಗೆ ಶಾಲು, ಫಲಕ, ಉಳಿದ ಶಾಲೆಗಳಲ್ಲಿ ಅದೇ ಪಾಠ ಮಾಡಿ ತೋರಿಸುವ ಗೌರವ. ವಿಷಯ ವಿಜ್ಞಾನವೇ ಆಗಿರಬೇಕು ಎಂದು ಸಂಘ ಹಟ ಹಿಡಿದಿತ್ತು. ಶಾಲೆಯಲ್ಲಿ ಐದರಿಂದ ಏಳರವರೆಗೆ ವಿಜ್ಞಾನ ಕಲಿಸುತ್ತಿದ್ದವಳು ಬೆಳಗಾವಿಯ ಪ್ರಾಚಿ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಏಳನೇ ತರಗತಿಗೆ ಆಗತಾನೆ ಉಷ್ಣದ ಪಾಠ ಶುರು ಮಾಡಿದ್ದಳು. ಸ್ಪರ್ಧೆಯ ಸುದ್ದಿ ಕೇಳಿ, ತನ್ನನ್ನೇ ನಿಲ್ಲಿಸುತ್ತಾರೆ ಎಂದುಕೊಂಡು ಅವಳು ಎರಡು ಸಂಜೆ ಕೂತು ಸಾಮಾನು ಜೋಡಿಸಿದಳು.

ಸಾಮಾನೆಂದರೆ ದೊಡ್ಡದೇನಲ್ಲ. ದಪ್ಪನೆಯ ಗಿಡ್ಡ ಸ್ಟೀಲ್ ಚಮಚ. ಅದರ ಹಿಡಿಯ ಮೇಲೆ, ಬೆರಳಗಲ ಬಿಟ್ಟು ಬಿಟ್ಟು, ಮೇಣದಿಂದ ಅಂಟಿಸಿದ ಮೂರು ಕಡಲೆಕಾಳು. ಚಮಚದ ಬಾಯಿ ಕುದಿಯುವ ನೀರಿನಲ್ಲಿ ಮುಳುಗಿರಬೇಕು; ಹಿಡಿ ಮಾತ್ರ ರಟ್ಟಿನ ಮುಚ್ಚಳದ ಸೀಳಿನಿಂದ ಹೊರಗೆ ಬಂದಿರಬೇಕು. ನೀರಿಗೆ ಹತ್ತಿರದ ಕಾಳು ಮೊದಲು ಬೀಳುತ್ತದೆ, ಆಮೇಲೆ ಎರಡನೆಯದು, ತಡೆದು ತಡೆದು ಮೂರನೆಯದು. ಲೋಹದ ಕಣಗಳು ಇದ್ದಲ್ಲೇ ಇದ್ದು, ನಡುಗುತ್ತ, ಪಕ್ಕದ ಕಣಕ್ಕೆ ಬಿಸಿಯನ್ನು ದಾಟಿಸುತ್ತವೆ: ಅದು ವಹನ. ಎರಡನೆಯದು, ಗಾಜಿನ ಪಾತ್ರೆ. ಅದರ ಒಂದು ಅಂಚಿಗೆ ಮಾತ್ರ ಸಣ್ಣ ಉರಿ, ತಳದಲ್ಲಿ ಒಂದು ಹರಳು ನೇರಳೆ ಬಣ್ಣ. ಬಿಸಿಯಾದ ನೀರು ಹಗುರಾಗಿ ಮೇಲೇಳುತ್ತದೆ, ತಂಪು ನೀರು ಇನ್ನೊಂದು ಬದಿಯಿಂದ ಕೆಳಗಿಳಿದು ಅದರ ಜಾಗಕ್ಕೆ ಬರುತ್ತದೆ, ಬಣ್ಣದ ಎಳೆ ಸುತ್ತು ಹೊಡೆಯುವುದು ಕಣ್ಣಿಗೆ ಕಾಣುತ್ತದೆ: ಅದು ಸಂವಹನ. ಮೂರನೆಯದು, ಒಂದೇ ಅಳತೆಯ ಎರಡು ಡಬ್ಬಿ, ಒಂದಕ್ಕೆ ಕಪ್ಪು ಬಣ್ಣ, ಇನ್ನೊಂದು ಹೊಳೆಯುವಂತೆ ತಿಕ್ಕಿದ್ದು. ಎರಡರಲ್ಲೂ ಅಷ್ಟಷ್ಟೇ ನೀರು. ಬಿಸಿಲಲ್ಲಿಟ್ಟರೆ ಕಪ್ಪು ಡಬ್ಬಿಯ ನೀರು ಬೇಗ ಕಾಯುತ್ತದೆ. ನಡುವೆ ಏನೂ ಇಲ್ಲದ ಖಾಲಿಯನ್ನು ದಾಟಿ ಸೂರ್ಯನಿಂದ ಬಂದ ಬಿಸಿ: ಅದು ವಿಕಿರಣ.

ಬಾಳಕೃಷ್ಣ ಸರ್ ಬಂದು, ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿದರು.

“ಭಾಳ ಚಲೋ ಮಾಡೀರಿ ಪ್ರಾಚಿಯವರ. ಪಾಠ ನಾನ ಮಾಡ್ತೇನಿ,” ಎಂದರು.

ಪ್ರಾಚಿಗೆ ಅರ್ಥವಾಗಲಿಲ್ಲ. “ನೀವ್ರಿ, ಸರ?”

“ಸಾಮಾನು ನಿಮ್ಮದು, ಮಾತು ನಂದು. ಸಭಾದಾಗ ಮಾತಾಡೂದು ನಿಮಗಿನ್ನೂ ರೂಢಿ ಇಲ್ಲ ನೋಡ್ರಿ.” ಅವರು ಚಮಚವನ್ನು ಎತ್ತಿ ಬೆಳಕಿಗೆ ಹಿಡಿದರು. “ಆದರ ಇದು ಭಾಳ ಸಣ್ಣದಾತು. ಹಿಂದಿನ ಸಾಲಿಗೆ ಕಾಣೂದಿಲ್ಲ. ಬಿಸಿಯೂಟದ ಅಡಗಿಮನ್ಯಾಗಿನ ಸೌಟು ತರಿಸ್ರಿ. ಹತ್ತು ಕಾಳು ಅಂಟಿಸೋಣ. ಒಂದೊಂದು ಬಿದ್ದಂಗೂ ಮಕ್ಕಳು ಎಣಿಸಲಿ.”

“ಹತ್ತು ಬೀಳೂದಿಲ್ರಿ ಸರ. ಈ ಸ್ಟೀಲು ಬಿಸಿ ದಾಟಸೂದ್ರಾಗ ಭಾಳ ಮಂದ. ತಾಮ್ರ, ಅಲ್ಯುಮಿನಿಯಂ ಆದ್ರ ಬ್ಯಾರೆ ಮಾತು. ಉದ್ದ ಸೌಟಿನ ತುದಿಗೆ ಹೋಗೂದ್ರೊಳಗ ಬಿಸಿ ಎಲ್ಲಾ ಗಾಳಿಗೇ ಹೋಗ್ತದ.”

“ಪುಸ್ತಕದಾಗ ಏನದ? ಸ್ಟೀಲ್ ಚಮಚದಾಗ ಬಿಸಿ ಹರೀತದ ಅಂತ ಅದನೋ ಇಲ್ಲೋ?”

“ಅದರಿ. ಆದ್ರ ಎಷ್ಟು ದೂರ ಅಂತ...”

“ಅಷ್ಟ ಸಾಕು,” ಎಂದರು ಸರ್.

ರಟ್ಟಿನ ಮುಚ್ಚಳವೂ ಅವರಿಗೆ ಹಿಡಿಸಲಿಲ್ಲ. ಉಗಿ ಚಮಚಕ್ಕೆ ತಾಗಬಾರದು, ತಾಗಿದರೆ ಮೇಣ ಕರಗಿಸಿದ್ದು ಲೋಹವೋ ಉಗಿಯೋ ಗೊತ್ತಾಗುವುದಿಲ್ಲ ಎಂದು ಪ್ರಾಚಿ ವಿವರಿಸಿದಳು. ಉಗಿ ಏಳುವುದು ಫೋಟೋದಲ್ಲಿ ಚೆಂದ ಬರುತ್ತದೆ ಎಂದು ಸರ್ ಮುಚ್ಚಳ ತೆಗೆಸಿದರು. ಗಾಜಿನ ಪಾತ್ರೆ ಒಡೆದೀತು ಎಂದು ಸ್ಟೀಲ್ ಪಾತೇಲಿ ಇಡಿಸಿದರು. ಸಣ್ಣ ಉರಿ ಮಂಕಾಗಿ ಕಾಣುತ್ತದೆ, ನೀರು ಕೊತಕೊತ ಕುದಿಯಲೇಬೇಕು ಎಂದರು. ಆಮೇಲೆ ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದರು. “ಚಮಚ?” ಅಂದರೆ “ವಹನ!”, “ಪಾತ್ರೆ?” ಅಂದರೆ “ಸಂವಹನ!”, “ಬಿಸಿಲು?” ಅಂದರೆ “ವಿಕಿರಣ!” ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿದಾಗ ಅವರಿಗೆ ಮೈ ಜುಮ್ಮೆಂದಿತು.

ಮಕ್ಕಳಲ್ಲಿ ಸುಮಯ್ಯಾ ಒಬ್ಬಳು. ಉಸಗಾಂವದಲ್ಲಿ ಗೌಂಡಿ ಕೆಲಸ ಮಾಡುವ ವಿಜಯಪುರದ ಕುಟುಂಬದವಳು. ಹುಡುಗಿಗೆ ಬಾಯಿಪಾಠ ಬರುತ್ತಿತ್ತು; ಅದರ ಜೊತೆಗೆ ಕಣ್ಣೂ ಕಾಣುತ್ತಿತ್ತು. ಅದೇ ತೊಂದರೆಯಾದದ್ದು.

ಸ್ಪರ್ಧೆಯ ದಿನ ಫೆಬ್ರವರಿಯ ಬಿಸಿಲು ಅಂಗಳದಲ್ಲಿ ಕಾದ ತವೆಯಂತೆ ಬಿದ್ದಿತ್ತು. ತೀರ್ಪುಗಾರರಾಗಿ ಬಂದವರು ಪವಮಾನ ಎಂಬುವರು. ಬಂದರಿನ ಕಚೇರಿಯೊಂದರಲ್ಲಿ ಅಧಿಕಾರಿ. ಬಿಡುವಿನ ದಿನಗಳಲ್ಲಿ ‘ಸಂವಹನ ಕೌಶಲ್ಯ’ದ ಶಿಬಿರ ನಡೆಸುತ್ತಿದ್ದರು: ಗಂಡ ಹೆಂಡತಿ ಹೇಗೆ ಮಾತಾಡಬೇಕು, ಸಾಹೇಬರ ಮುಂದೆ ಹೇಗೆ ನಗಬೇಕು, ಇಂಥವು. ವಿಜ್ಞಾನಕ್ಕೂ ಅವರಿಗೂ ಹೈಸ್ಕೂಲಿನಲ್ಲೇ ಮಾತು ಬಿಟ್ಟಿತ್ತು.

ಅಂಗಳದಲ್ಲಿ ಕಾಲಿಟ್ಟವರೇ ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಬಾಳಕೃಷ್ಣ ಸರ್ ಗಾಬರಿಯಾದರು. ಹಾಕಿಸಿಟ್ಟ ಶಾಮಿಯಾನದ ಕೆಳಗೆ ಅತಿಥಿಗಳನ್ನು ಕೂರಿಸಿದರು. ಆಮೇಲೆ ಬಿಸಿಲಲ್ಲಿದ್ದ ಎರಡು ಡಬ್ಬಿಗಳು ಅವರ ಕಣ್ಣಿಗೆ ಬಿದ್ದವು. ಪ್ರಾಚಿ ಆಗಷ್ಟೇ ಅವನ್ನು ಹೊರಗಿಟ್ಟು ಬಂದಿದ್ದಳು.

“ಅವನ್ನ ಇಲ್ಲೆ ತರ್ರಿ. ಅತಿಥಿಗಳು ಅಲ್ಲಿಗೆ ಹೋಗಬೇಕಾ ಬಿಸಿಲಾಗ?”

“ಸರ, ಅದು ಬಿಸಿಲಿನ ಪ್ರಯೋಗ ಅದರಿ. ನೆಳ್ಳಾಗ ಇಟ್ರ ಏನೂ ಆಗೂದಿಲ್ಲ. ಬೇಕಾದ್ರ ಈ ಕಡೀ ಶಾಮಿಯಾನ ಬಿಚ್ಚಸ್ರಿ.”

“ಶಾಮಿಯಾನ ಬಿಚ್ಚಸಬೇಕಾ?” ಸರ್ ನಕ್ಕರು. “ಇಲ್ಲೂ ಬೆಳಕು ಬೇಕಾದಷ್ಟು ಅದ. ಸೂರ್ಯ ಎಲ್ಲಾ ಕಡೇನೂ ಇರ್ತಾನ.”

ಡಬ್ಬಿಗಳು ನೆರಳಿಗೆ ಬಂದವು. ಪ್ರಾಚಿ ಅವುಗಳ ಪಕ್ಕ ನಿಂತಳು. ಸಾಮಾನು ಕೊಡುವುದಷ್ಟೇ ಅವಳ ಪಾಲಿನ ಕೆಲಸ ಎಂದು ಆಗಲೇ ಹೇಳಿಯಾಗಿತ್ತು.

ಪಾಠ ಶುರುವಾಯಿತು. ಸರ್ ಸೌಟನ್ನು ಕತ್ತಿಯಂತೆ ಮೇಲೆತ್ತಿ ಸಭೆಗೆ ತೋರಿಸಿ, ಕುದಿಯುವ ಪಾತೇಲಿಯೊಳಗೆ ಇಳಿಬಿಟ್ಟರು. ಅದು ಉದ್ದವಿತ್ತು, ಓರೆಯಾಗಿ ಎದುರಿನ ಅಂಚಿಗೆ ಒರಗಿತು. ಹಿಡಿಯ ಅರ್ಧ ಪಾತೇಲಿಯ ಮೇಲೆಯೇ, ಉಗಿಯೊಳಗೆ, ಉಳಿದರ್ಧ ಅಂಚಿನಾಚೆ.

“ಈಗ ನೋಡ್ರಿ! ಉಷ್ಣ ಅನ್ನೂದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗತದ. ಮೊದಲನೇ ಕಾಳು ಬೀಳತದ...”

“ಒಂದು!” ಎಂದು ಮಕ್ಕಳು ಕೂಗಿದರು. ಏನೂ ಬೀಳಲಿಲ್ಲ. ಕಲಿಸಿದ್ದನ್ನು ಮಕ್ಕಳು ಸಮಯಕ್ಕೆ ಸರಿಯಾಗಿ ಹೇಳಿದ್ದರು. ಸೌಟಿಗೆ ಯಾರೂ ಕಲಿಸಿರಲಿಲ್ಲ.

ಸರ್ ಮಾತು ಮುಂದುವರಿಸಿದರು. ಉಷ್ಣದಿಂದ ತಾಯಿಯ ಮಮತೆಗೆ ಹೋದರು, ಅಲ್ಲಿಂದ ನಾಡಪ್ರೇಮಕ್ಕೆ. ನಾಡಪ್ರೇಮದ ನಡುವೆ ಪಾತೇಲಿಯ ಮೇಲಿದ್ದ ನಾಲ್ಕು ಕಾಳು ಬಹುತೇಕ ಒಟ್ಟಿಗೇ ಪಟಪಟನೆ ನೀರಿಗೆ ಬಿದ್ದವು. ಮಕ್ಕಳು ಗಲಿಬಿಲಿಯಾದರು. ಕೆಲವರು “ಎರಡು” ಎಂದರು, ಕೆಲವರು “ಐದು” ಎಂದರು. ಅಂಚಿನಾಚೆಯ ಆರು ಕಾಳು ಅಂಟಿಸಿದಲ್ಲೇ ಕುಳಿತಿದ್ದವು.

ಸುಮಯ್ಯಾ ಕೈ ಎತ್ತಿದಳು. ಪವಮಾನರು ಉತ್ಸಾಹದಿಂದ, “ಹೇಳವ್ವಾ, ಹೇಳು,” ಎಂದರು.

“ಸರ, ಉಗಿ ಬಡದಲ್ಲಿ ಅಷ್ಟ ಬಿದ್ದಾವ್ರಿ. ಉಗಿ ಇಲ್ಲದಲ್ಲಿ ಬಿದ್ದಿಲ್ಲ. ಹಂಗಾರ ಇದು ಚಮಚದಾಗ ಹರದು ಬಂದ ಬಿಸಿ ಹೆಂಗ್ರಿ?”

ಪ್ರಾಚಿಯ ಮುಖದಲ್ಲಿ ನಗೆ ಬಂದು, ಅವಳು ತಲೆ ತಗ್ಗಿಸಿದಳು.

“ಉಗಿ ಅನ್ನೂದೂ ಪ್ರೀತೀನ,” ಎಂದರು ಬಾಳಕೃಷ್ಣ ಸರ್. “ಕುಂದ್ರವ್ವಾ.” ಚಪ್ಪಾಳೆ ಬಿತ್ತು.

ಸಂವಹನದ ಪಾಳಿ ಬಂತು. ಕುದಿಯುವ ಸ್ಟೀಲ್ ಪಾತೇಲಿಯೊಳಗೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಅದು ಸರ್ ಅವರಿಗೂ ಹೊಳೆದಿರಬೇಕು. ಅಡುಗೆಮನೆಯಿಂದ ತಂದಿಟ್ಟ ಅರಿಶಿನದ ಪುಡಿಯನ್ನು ಮುಷ್ಟಿಗಟ್ಟಲೆ ಸುರಿದರು. ನೀರು ಒಂದೇ ಕುದಿಗೆ ಪೂರಾ ಹಳದಿಯಾಯಿತು. ಯಾವುದು ಮೇಲೇಳುವ ನೀರು, ಯಾವುದು ಇಳಿಯುವ ನೀರು, ಇನ್ನು ದೇವರೇ ಹೇಳಬೇಕು.

“ನೋಡ್ರಿ, ಇದು ಸಂವಹನ!”

ಆ ಪದ ಕಿವಿಗೆ ಬಿದ್ದದ್ದೇ ಪವಮಾನರು ಕುರ್ಚಿಯಲ್ಲಿ ನೆಟ್ಟಗಾದರು. ತಮ್ಮ ಜೀವನದ ಕೆಲಸವನ್ನೇ ಒಂದು ಹಳ್ಳಿಗಾಡಿನ ಶಾಲೆ ಪಾತೇಲಿಯಲ್ಲಿ ಕುದಿಸಿ ತೋರಿಸುತ್ತಿದೆ! ಅವರು ಎದ್ದು ಮೈಕು ಇಸಿದುಕೊಂಡರು.

“ಸಂವಹನ! ಎಂಥಾ ಮಾತ್ರಿ! ಕೆಳಗಿನವರು ಮ್ಯಾಲ ಬರಬೇಕು, ಮ್ಯಾಲಿನವರು ಕೆಳಗ ಇಳೀಬೇಕು. ಮನ್ಯಾಗ, ಆಫೀಸಿನ್ಯಾಗ, ಮಾತುಕತಿ ಹಿಂಗ ಸುತ್ತತಿರಬೇಕು. ನಾನು ಹನ್ನೆರಡು ವರ್ಷದಿಂದ ಇದನ್ನ ಹೇಳಾಕತ್ತೇನಿ!”

ಬಿಸಿನೀರಿನ ಸಂವಹನವೇ ಬೇರೆ, ಮಾತಿನ ಸಂವಹನವೇ ಬೇರೆ ಎಂದು ಬಾಳಕೃಷ್ಣ ಸರ್ ಹೇಳಬಹುದಿತ್ತು. ಕನ್ನಡ ಎಂ.ಎ. ಆದವರು, ಅಷ್ಟಂತೂ ಅವರಿಗೆ ಗೊತ್ತಿತ್ತು. ಆದರೆ ತೀರ್ಪುಗಾರರ ಮುಖ ನೋಡಿ ಅವರೂ ಕೈ ಮುಗಿದು, “ಅದನ್ನ ಹೇಳಬೇಕಂತಿದ್ದೆ ನೋಡ್ರಿ ಸರ,” ಎಂದರು.

ಉಳಿದದ್ದು ಸೂರ್ಯ. ನೆರಳಿನಲ್ಲಿದ್ದ ಡಬ್ಬಿಗಳನ್ನು ಮೇಜಿನ ಮೇಲಿಟ್ಟರು. ಪವಮಾನರು ಎರಡರಲ್ಲೂ ಬೆರಳದ್ದಿ ನೋಡಿದರು.

“ಎರಡೂ ಒಂದ ನಮೂನಿ ಅದಾವಲ್ರಿ.”

ಸರ್ ಕಪ್ಪು ಡಬ್ಬಿಯನ್ನು ಒಂದು ಕೈಯಲ್ಲಿ, ಹೊಳೆಯುವ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಎತ್ತಿದರು. ಅವರ ದನಿ ತುಂಬಿ ಬಂತು.

“ಇದ ಪಾಠ! ಸೂರ್ಯಾಗ ಕಪ್ಪು ಬಿಳಿ ಅನ್ನೂ ಭೇದ ಇಲ್ಲ. ಎಲ್ಲಾರಿಗೂ ಒಂದ ಬಿಸಿ. ನಾವ ಮನಷ್ಯಾರು ಭೇದ ಮಾಡತೇವಿ!”

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಾಚಿ ಆ ಎರಡು ಡಬ್ಬಿಗಳನ್ನು ನೋಡುತ್ತ ನಿಂತಿದ್ದಳು. ಶಾಮಿಯಾನದ ಅಂಚಿನಿಂದ ಮೂರು ಹೆಜ್ಜೆ ಆಚೆಗೆ ಬಿಸಿಲಿತ್ತು. ಅಲ್ಲಿ ಅರ್ಧ ಗಂಟೆ ಇಟ್ಟಿದ್ದರೆ ಸಾಕಿತ್ತು, ಸೂರ್ಯನೇ ಸರ್ ಅವರ ಮಾತನ್ನು ಅಲ್ಲಗಳೆಯುತ್ತಿದ್ದ. ಬಾಯಿ ತೆರೆಯಬೇಕು ಎಂದು ಅವಳಿಗೆ ಅನ್ನಿಸಿತು. ಅಷ್ಟು ಜನ ಅಳುತ್ತಿರುವಾಗ ವಿಜ್ಞಾನ ಹೇಳುವ ಧೈರ್ಯ ಬರಲಿಲ್ಲ.

ಮೊದಲ ಬಹುಮಾನ ಬಾಳಕೃಷ್ಣ ಸರ್‌ಗೆ ಬಂತು. ಶಾಲು ಹೊದ್ದುಕೊಂಡ ಅವರ ಫೋಟೋ, ಪಾಠದ ವಿಡಿಯೋ ಎಲ್ಲ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದವು. ಒಂದು ವಾರ ಅವರು ಕಾರಿಡಾರಿನಲ್ಲಿ ನಡೆಯುತ್ತಿರಲಿಲ್ಲ, ತೇಲುತ್ತಿದ್ದರು.

ಎರಡನೇ ವಾರ ವಾಸ್ಕೋದ ಒಂದು ಹೈಸ್ಕೂಲಿನಿಂದ ಫೋನು ಬಂತು. ಗೆದ್ದವರು ಬಂದು ಪಾಠ ಮಾಡಿ ತೋರಿಸಬೇಕಲ್ಲ? ಆದರೆ ಅಲ್ಲಿನ ವಿಜ್ಞಾನದ ಮೇಷ್ಟ್ರುಗಳೆಲ್ಲ ಕೂಡಿ ವಿಡಿಯೋ ನೋಡಿದ್ದರಂತೆ. “ನಮ್ಮ ಹುಡುಗರು ಬಹಳ ಪ್ರಶ್ನೆ ಇಟ್ಟುಕೊಂಡು ಕಾಯುತ್ತಿದ್ದಾರೆ, ಮುಖ್ಯವಾಗಿ ಸೂರ್ಯನ ಬಗ್ಗೆ,” ಎಂದು ಅವರು ಬಹಳ ವಿನಯದಿಂದ ಹೇಳಿದರಂತೆ.

ಅಂದು ಸಂಜೆ ಮಕ್ಕಳು ಹೋದ ಮೇಲೆ ಬಾಳಕೃಷ್ಣ ಸರ್ ಪ್ರಾಚಿಯ ತರಗತಿಗೆ ತಾವೇ ಬಂದರು. ಕೇಳಿ ತಿಳಿಯಲು ಎಂದೂ ಬಂದವರಲ್ಲ.

“ಆ ಸೂರ್ಯಂದು ಏನೋ ಹೇಳಾಕತ್ತಿದ್ರಲ್ಲಾ, ಸ್ವಲ್ಪ ಹೇಳ್ರಿ. ಎರಡು ವಾಕ್ಯ ಸಾಕು. ಉಳದದ್ದು ನಾ ಬೆಳಸ್ತೇನಿ.”

“ಹೇಳೂದಿಲ್ರಿ ಸರ,” ಎಂದಳು ಪ್ರಾಚಿ. “ತೋರಸ್ತೇನಿ. ನಾಳೆ ಮಧ್ಯಾಹ್ನ ಅಂಗಳಕ್ಕ ಬರ್ರಿ. ಛತ್ರಿ ತರಬ್ಯಾಡ್ರಿ.”

ಮರುದಿನ ಶಾಲೆಯ ಮುಖ್ಯೋಪಾಧ್ಯಾಯರು ಬಟಾಬಯಲಿನಲ್ಲಿ, ಏಳನೇ ತರಗತಿಯ ಮಕ್ಕಳ ಪಕ್ಕ, ಬೆವರು ಸುರಿಸುತ್ತ ನಿಂತರು. ಬೇಗ ಮುಗಿಸಿ ಎಂದು ಎರಡು ಸಲ ಹೇಳಿದರು. ಸೂರ್ಯ ಬೇಗ ಮುಗಿಸುವವನಲ್ಲ. ಕೊನೆಗೆ ಪ್ರಾಚಿ, “ಈಗ ಮುಟ್ಟಿ ನೋಡ್ರಿ,” ಎಂದಳು. ಸರ್ ಕಪ್ಪು ಡಬ್ಬಿಯನ್ನು ಗಬಕ್ಕನೆ ಹಿಡಿದು, “ಅಯ್ಯಯ್ಯಪ್ಪಾ!” ಎಂದು ಬಿಟ್ಟರು. ಹೊಳೆಯುವ ಡಬ್ಬಿಯನ್ನು ಹೆದರಿ ಹೆದರಿ ಮುಟ್ಟಿದರು. ಅದು ಬೆಚ್ಚಗಿತ್ತು, ಅಷ್ಟೇ.

“ಭೇದ ಮಾಡಿತಲ್ರಿ ಇದು!”

“ಸೂರ್ಯ ಎರಡಕ್ಕೂ ಒಂದ ನಮೂನಿ ಕೊಟ್ಟಾನ್ರಿ. ಕಪ್ಪು ಭಾಳಷ್ಟು ಹೀರಕೊಂಡದ, ಹೊಳಿಯೂದು ಭಾಳಷ್ಟು ತಿರುಗಿಸಿ ಕಳಿಸೇದ. ನಡುವ ನೆಳ್ಳು ಬಂದ್ರ ಆ ಬಿಸಿಲು ಡಬ್ಬಿಗೆ ಮುಟ್ಟೂದ ಇಲ್ಲ. ಅದಕ್ಕ ಶಾಮಿಯಾನ ಬ್ಯಾಡ ಅಂದದ್ದು.”

ಸರ್ ಒಳಗೆ ಹೋಗಿ ಗಾಜಿನ ಪಾತ್ರೆಯ ಮುಂದೆ ಕೂತರು. ಸಣ್ಣ ಉರಿ. ನೇರಳೆ ಎಳೆಯೊಂದು ತಳದಿಂದ ನಿಧಾನವಾಗಿ ಎದ್ದು, ಮೇಲೆ ಹೋಗಿ, ಅಡ್ಡ ತಿರುಗಿ, ಆಚೆ ಬದಿಯಿಂದ ಇಳಿಯಿತು. ಅವರು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಬಾಯಿ ತೆರೆದುಕೊಂಡು ನೋಡಿದರು. ಗಿಡ್ಡ ಚಮಚದ ಮೂರು ಕಾಳು ಒಂದರ ಹಿಂದೊಂದು ಬಿದ್ದಾಗ, ಮೂರನೆಯದಕ್ಕೆ ಕಾಯುತ್ತ ಉಸಿರು ಬಿಗಿಹಿಡಿದಿದ್ದರು. ಅಷ್ಟು ಹೊತ್ತು ಅವರ ಬಾಯಿಂದ ಒಂದು ಉಪಮೆಯೂ ಬರಲಿಲ್ಲ. ಪ್ರಾಚಿಗೆ ಮೊದಲ ಸಲ ಅವರ ಮೇಲೆ ಅಕ್ಕರೆ ಹುಟ್ಟಿತು. ಒಂದು ವಾರದ ಮಟ್ಟಿಗೆ ಅದು ಉಳಿಯಿತು.

ವಾಸ್ಕೋದಲ್ಲಿ ಪಾಠ ಚೆನ್ನಾಗಿಯೇ ನಡೆಯಿತು. ಸರ್ ರಟ್ಟು ಮುಚ್ಚಿದರು, ಸಣ್ಣ ಉರಿ ಇಟ್ಟರು, ಡಬ್ಬಿಗಳನ್ನು ಅಂಗಳದ ಬಿಸಿಲಿಗೆ ತಾವೇ ಒಯ್ದರು. ಪ್ರಾಚಿ ಹೇಳಿದ್ದನ್ನೆಲ್ಲ ಹೇಳಿದರು. ‘ನನ್ನ ವರ್ಷಾನುಗಟ್ಟಲೆಯ ಪ್ರಯೋಗದಲ್ಲಿ ಕಂಡುಕೊಂಡಿದ್ದು’ ಎಂಬುದನ್ನು ಮಾತ್ರ ಅಲ್ಲಲ್ಲಿ ಸೇರಿಸಿದರು. ಸುಮಯ್ಯಾ ಸಾಮಾನು ಹಿಡಿದು ಪ್ರಾಚಿಯ ಜೊತೆಗೆ ಬಂದಿದ್ದಳು. ಅವಳು ಪ್ರಾಚಿಯ ಮುಖ ನೋಡಿದಳು. ಪ್ರಾಚಿ ಸುಮ್ಮನಿರುವಂತೆ ಸನ್ನೆ ಮಾಡಿದಳು.

ಆಗ ಅಲ್ಲಿನ ಹುಡುಗನೊಬ್ಬ, ಶಾನವಾಜ ಎಂಬುವನು, ಎದ್ದು ನಿಂತ.

“ಸರ, ವಿಡಿಯೋದಾಗ ನೀವು ಸೂರ್ಯ ಭೇದ ಮಾಡೂದಿಲ್ಲ, ಎರಡೂ ಡಬ್ಬಿ ಒಂದ ಬಿಸಿ ಅಂದಿದ್ರಿ. ಇಲ್ಲಿ ಕಪ್ಪು ಡಬ್ಬಿ ಜಾಸ್ತಿ ಬಿಸಿ ಆಗೇತ್ರಿ. ಯಾವದು ಖರೇ?”

ಬಾಳಕೃಷ್ಣ ಸರ್ ಕ್ಷಣವೂ ತಡವರಿಸಲಿಲ್ಲ. ಮುಖದ ತುಂಬ ಕರುಣೆ ತಂದುಕೊಂಡು ಪ್ರಾಚಿಯ ಕಡೆಗೆ ಕೈ ಚಾಚಿದರು.

“ಅವತ್ತಿನ ತಯಾರಿ ನಮ್ಮ ವಿಜ್ಞಾನ ಟೀಚರದು. ಇನ್ನೂ ಹೊಸಬರು ಅದಾರ. ತಪ್ಪು ಎಲ್ಲಾರೂ ಮಾಡ್ತಾರ. ನಾ ಅದನ್ನ ತಿದ್ದೇನಿ.”

ವಾಸ್ಕೋದ ಮೇಷ್ಟ್ರುಗಳು ಪ್ರಾಚಿಯನ್ನು ನೋಡಿದರು. ಅವಳ ಕಿವಿ ಕಾದವು. ಈ ಸಲ ಯಾರೂ ಅಳುತ್ತಿರಲಿಲ್ಲ, ಧೈರ್ಯಕ್ಕೆ ಅಡ್ಡಿಯಿರಲಿಲ್ಲ.

“ಹೌದ್ರಿ, ತಯಾರಿ ನಂದ,” ಎಂದಳು. “ನಾನು ಡಬ್ಬಿ ಬಿಸಿಲಾಗ ಇಟ್ಟಿದ್ದೆ. ಸರ ನೆಳ್ಳಿಗೆ ತರಿಸಿದ್ರು. ಶಾಮಿಯಾನ ಬಿಚ್ಚಸ್ರಿ ಅಂದೆ, ಸೂರ್ಯ ಎಲ್ಲಾ ಕಡೇನೂ ಇರ್ತಾನ ಅಂದ್ರು.”

“ಸೌಟೂ ಸರೇ ತರಿಸಿದ್ದು,” ಎಂದಳು ಸುಮಯ್ಯಾ, ಯಾರೂ ಕೇಳದಿದ್ದರೂ. “ಅರಿಶಿನಾನೂ.”

ಮಕ್ಕಳು ನಕ್ಕರು. ಮೇಷ್ಟ್ರುಗಳು ನಗದಿರಲು ಬಹಳ ಪ್ರಯತ್ನಪಟ್ಟರು. ಬಾಳಕೃಷ್ಣ ಸರ್ ಕೂಡ ನಕ್ಕು, ಇದನ್ನೇ ಆರೋಗ್ಯಕರ ಚರ್ಚೆ ಎನ್ನುತ್ತಾರೆ ಎಂದು ಘೋಷಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತು, ಫೋಂಡಾ ಬರುವವರೆಗೂ ಹಿಂದೆ ತಿರುಗಲಿಲ್ಲ.

ಸೋಮವಾರದ ಪ್ರಾರ್ಥನೆಯಲ್ಲಿ ಹೊಸ ನಿಯಮ ಹೊರಬಿತ್ತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ತರಗತಿಯಲ್ಲಿ ಒಲೆ, ಮೇಣದಬತ್ತಿ, ಬಿಸಿನೀರು ನಿಷೇಧ. ತರಗತಿಯೊಳಗೆ ಉಷ್ಣದ ಪಾಠವನ್ನು ಚಿತ್ರ ತೋರಿಸಿ ಕಲಿಸಬೇಕು. ಅದರ ಜೊತೆಗೆ, ಐದರಿಂದ ಹತ್ತರವರೆಗಿನ ವಿಜ್ಞಾನವೆಲ್ಲ ಇನ್ನು ಪ್ರಾಚಿಯ ಹೆಗಲಿಗೆ. ಹೊಸಬರಿಗೆ ಅನುಭವ ಬರಲಿ ಎಂದು. ಸಂಘದವರು ಕೊಟ್ಟ ಫಲಕ ಆಫೀಸಿನ ಗೋಡೆಯ ಮೇಲೇ ಇತ್ತು. ಅದನ್ನು ಯಾರೂ ವಾಪಸು ಕೇಳಲಿಲ್ಲ. ಪವಮಾನರಂತೂ ತಮ್ಮ ಶಿಬಿರದಲ್ಲಿ ಅರಿಶಿನದ ಪಾತೇಲಿಯ ವಿಡಿಯೋವನ್ನು ಈಗಲೂ ತೋರಿಸುತ್ತಾರಂತೆ.

ಪ್ರಾಚಿ ಚಮಚ ಮತ್ತು ಗಾಜಿನ ಪಾತ್ರೆಯನ್ನು ಕಪಾಟಿಗೆ ಹಾಕಿ ಕೀಲಿ ಹಾಕಿದಳು. ನಿಯಮ ನಿಯಮವೇ. ಆಮೇಲೆ ಅದನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಬಿಸಿಲಿನ ಹೆಸರು ಅದರಲ್ಲಿ ಇರಲಿಲ್ಲ.

ಈಗ ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಐದನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳು ಸರದಿಯಂತೆ ಅಂಗಳಕ್ಕೆ ಬರುತ್ತಾರೆ. ಹಂಚಿನ ಚೂರು, ತಗಡು, ಬಿಳಿ ಬಟ್ಟೆ, ಕರಿ ಬಟ್ಟೆ, ಯಾರದೋ ಹಳೇ ಹೆಲ್ಮೆಟ್ಟು, ಎಲ್ಲವನ್ನೂ ಬಿಸಿಲಿಗಿಟ್ಟು ಮುಟ್ಟಿ ಮುಟ್ಟಿ ಕಿರುಚುತ್ತಾರೆ. ಆಫೀಸಿನ ಕಿಟಕಿಯಿಂದ ಬಾಳಕೃಷ್ಣ ಸರ್ ಆಗಾಗ ತಲೆ ಹೊರಹಾಕಿ, “ಏ, ನೆಳ್ಳಾಗ ಬರ್ರಿ!” ಎಂದು ಕೂಗುತ್ತಾರೆ.

“ಪಾಠ ಇನ್ನೂ ಕಾದಿಲ್ರಿ ಸರ!” ಎಂದು ಸುಮಯ್ಯಾ ಅಲ್ಲಿಂದಲೇ ಕೂಗಿ ಹೇಳುತ್ತಾಳೆ.